ಬಿಸಿನೀರಿನ ಅಪಸ್ಮಾರ: ವಂಶದಲ್ಲಿದ್ದೂ ಕಾಣಿಸಿಕೊಳ್ಳದ ಗುಣ

ಜಾವಗಲ್ಲಿನ ಸುತ್ತಮುತ್ತಲ ಹಳ್ಳಿಗಳಲ್ಲಿಯೂ ಹಾಸನ, ಮಂಡ್ಯ, ಮೈಸೂರು ಸೀಮೆಯ ಇತರ ಊರುಗಳಲ್ಲಿಯೂ ತಲೆಗೆ ನೀರು ಹುಯ್ದುಕೊಳ್ಳುವ ಪದ್ಧತಿ ಎಲ್ಲರಿಗೂ ಪರಿಚಿತವಾದುದು. ಬಚ್ಚಲುಮನೆಯ ಒಲೆಯ ಮೇಲೆ ಹಂಡೆ ಕೂತಿರುತ್ತದೆ. ಅದರಲ್ಲಿ ಕಾದ ನೀರನ್ನು ಚೊಂಬಿನಿಂದ ಮೊಗೆದು ಒಂದರ ಮೇಲೊಂದರಂತೆ ನೆತ್ತಿಯ ಮೇಲೆ ಸುರಿದುಕೊಳ್ಳುವುದೇ ಸ್ನಾನ. ಯುಗಾದಿ, ದೀಪಾವಳಿಗಳ ಎಣ್ಣೆಸ್ನಾನದ ದಿನವಂತೂ ನೀರು ಇನ್ನಷ್ಟು ಸುಡುತ್ತಿರಬೇಕೆಂಬುದು ಹಿರಿಯರ ಅಭಿಪ್ರಾಯ. ಸಾವಿರಾರು ಜನರಿಗೆ ಹಿತವನ್ನೇ ಕೊಡುವ ಈ ಸ್ನಾನ ಕೆಲವರಲ್ಲಿ ಮಾತ್ರ ಒಂದು ವಿಚಿತ್ರ ಕಾಯಿಲೆಯನ್ನು ಹೊರಗೆಳೆಯುತ್ತದೆ. ಮೂರು ನಾಲ್ಕು ಚೊಂಬು ನೀರು ತಲೆಗೆ ಬೀಳುವಷ್ಟರಲ್ಲಿ ಅವರ ದೃಷ್ಟಿ ಒಂದೆಡೆ ನೆಡುತ್ತದೆ, ಅರ್ಥವಿಲ್ಲದ ಮಾತು ಬಾಯಿಗೆ ಬರುತ್ತದೆ. ಕೆಲವರು ಎಚ್ಚರ ತಪ್ಪಿ ಬಿದ್ದು ಕೈಕಾಲು ಸೆಟೆಯುವುದೂ ಉಂಟು. ವೈದ್ಯರು ಇದನ್ನು ಬಿಸಿನೀರಿನ ಅಪಸ್ಮಾರವೆಂದು ಕರೆಯುತ್ತಾರೆ.

ಈ ಬಗೆಯ ಅಪಸ್ಮಾರದ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂದಿತು. ಆದರೆ ಜಗತ್ತಿನಲ್ಲಿ ಅತ್ಯಂತ ಹೆಚ್ಚು ರೋಗಿಗಳು ಕಂಡುಬಂದದ್ದು ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ದಕ್ಷಿಣ ಕರ್ನಾಟಕದಲ್ಲಿ. ಬೆಂಗಳೂರಿನ ನರರೋಗ ತಜ್ಞರಾದ ಡಾ. ಕೆ. ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು 1968ರಲ್ಲಿ ಇದನ್ನು ವಿವರಿಸಿದರು. ಅನಂತರ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್‌ಚಂದ್ರ ಮತ್ತು ಅವರ ಸಂಗಡಿಗರು 279 ಮಂದಿ ರೋಗಿಗಳ ವಿವರವನ್ನು 1988ರಲ್ಲಿ ಪ್ರಕಟಿಸಿದರು. ನೀರಿನ ಶಾಖ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತದೆ ಎಂಬುದೂ, ನೀರು ನೇರವಾಗಿ ತಲೆಯ ಮೇಲೆ ಬೀಳುವುದೇ ಮುಖ್ಯ ಪ್ರಚೋದನೆ ಎಂಬುದೂ ಇಂತಹ ಅಧ್ಯಯನಗಳಿಂದ ಸ್ಪಷ್ಟವಾಯಿತು. ಮಿದುಳಿನ ಶಾಖ ಅತಿ ಬೇಗನೆ ಏರುವುದನ್ನು ಇವರ ನರವ್ಯೂಹ ತಾಳಲಾರದು ಎಂಬುದು ಇಂದಿನ ತಿಳಿವಳಿಕೆ.

ಬಹುಪಾಲು ರೋಗಿಗಳ ಮನೆಯಲ್ಲಿ ಇದೇ ಕಾಯಿಲೆಯ ಎರಡನೆಯ ವ್ಯಕ್ತಿ ಇರುವುದಿಲ್ಲ. ಆದರೆ ಕೆಲವು ಮನೆತನಗಳಲ್ಲಿ ಅಜ್ಜಿ, ಮಗ, ಮೊಮ್ಮಗ ಹೀಗೆ ತಲೆಮಾರುಗಳ ಉದ್ದಕ್ಕೂ ಇದು ಇಳಿದು ಬಂದಿದೆ. ಅಂತಹ ದೊಡ್ಡ ಕುಟುಂಬಗಳನ್ನು ನಿಮ್ಹಾನ್ಸ್‌ನ ವೈದ್ಯರೂ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಡಾ. ಅನುರಂಜನ್ ಆನಂದ್ ಅವರ ತಂಡವೂ ಕೂಡಿ ಪರಿಶೀಲಿಸಿದರು. ಒಂದು ಕುಟುಂಬದಲ್ಲಿ ಕಾಯಿಲೆಯ ಮೂಲವು 10ನೆಯ ವರ್ಣತಂತುವಿನ ಒಂದು ಭಾಗದಲ್ಲಿದೆ ಎಂಬುದು 2009ರಲ್ಲಿ ಪ್ರಕಟವಾಯಿತು. ಮತ್ತೊಂದು ಕುಟುಂಬದಲ್ಲಿ ಅದು 4ನೆಯ ವರ್ಣತಂತುವಿನತ್ತ ಬೆರಳು ತೋರಿತು. ಮತ್ತೆ ಕೆಲವು ರೋಗಿಗಳಲ್ಲಿ 9ನೆಯ ವರ್ಣತಂತುವಿನ ಮೇಲಿರುವ, ನರಕೋಶಗಳ ನಡುವಣ ಗ್ಲುಟಮೇಟ್ ಎಂಬ ದ್ರವ್ಯವನ್ನು ಹೀರಿಕೊಳ್ಳುವ ಕೆಲಸಕ್ಕೆ ಸಂಬಂಧಿಸಿದ ವಂಶವಾಹಿಯ ಅಪರೂಪದ ಮಾರ್ಪಾಟುಗಳು 2017ರಲ್ಲಿ ವರದಿಯಾದವು. ಕಾಯಿಲೆಯ ಹೆಸರು ಒಂದೇ ಆದರೂ ಬೇರು ಒಂದೇ ಅಲ್ಲ ಎಂದು ಇದರಿಂದ ತಿಳಿಯುತ್ತದೆ.

ಈ ಕುಟುಂಬಗಳಲ್ಲಿ ಅನುವಂಶೀಯತೆಯ ರೀತಿ ಪ್ರಬಲ ಗುಣದ್ದು. ಅಂದರೆ ತಂದೆಯಿಂದಾಗಲಿ ತಾಯಿಯಿಂದಾಗಲಿ ಬಂದ ಜೋಡಿ ವಂಶವಾಹಿಗಳಲ್ಲಿ ಒಂದು ಮಾರ್ಪಟ್ಟಿದ್ದರೂ ಸಾಕು, ಕಾಯಿಲೆ ಬರಲು ಅವಕಾಶ ಉಂಟಾಗುತ್ತದೆ. ಮಾರ್ಪಾಟನ್ನು ಹೊತ್ತ ಒಬ್ಬರ ಪ್ರತಿಯೊಂದು ಮಗುವಿಗೂ ಅದು ಸಾಗುವ ಸಂಭವ ಎರಡರಲ್ಲಿ ಒಂದು. ಮೆಂಡಲನ ಬಟಾಣಿ ಗಿಡಗಳ ಪಾಠವನ್ನು ಓದಿದ ವಿದ್ಯಾರ್ಥಿ ಇಲ್ಲಿಯೂ ಅದೇ ಲೆಕ್ಕವನ್ನು ನಿರೀಕ್ಷಿಸುತ್ತಾನೆ: ಮಾರ್ಪಾಟು ಇದ್ದರೆ ಕಾಯಿಲೆ, ಇಲ್ಲದಿದ್ದರೆ ಆರೋಗ್ಯ. ಆದರೆ ಮನುಷ್ಯರ ಮನೆತನಗಳಲ್ಲಿ ಈ ಲೆಕ್ಕ ಪದೇ ಪದೇ ತಪ್ಪುತ್ತದೆ. ಅಜ್ಜಿಗೆ ಕಾಯಿಲೆ ಇತ್ತು, ಮೊಮ್ಮಗನಿಗೆ ಇದೆ, ನಡುವಿನ ತಂದೆಗೆ ಮಾತ್ರ ಏನೂ ಇಲ್ಲ. ಅಜ್ಜಿಯ ಮಾರ್ಪಾಟು ಮೊಮ್ಮಗನನ್ನು ತಲುಪಬೇಕಾದರೆ ತಂದೆಯ ಮೂಲಕವೇ ಹೋಗಬೇಕು. ಹಾಗಾದರೆ ಆ ತಂದೆ ಮಾರ್ಪಾಟನ್ನು ಹೊತ್ತೂ ಆರೋಗ್ಯವಾಗಿ ಉಳಿದುದು ಹೇಗೆ?

ಇದನ್ನು ಅರಿಯಲು ಎರಡು ಪರಿಭಾಷೆಗಳು ಬೇಕು. ಒಂದೇ ಮಾರ್ಪಾಟನ್ನು ಹೊತ್ತ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಕಾಯಿಲೆ ಸ್ವಲ್ಪವಾದರೂ ಕಾಣಿಸಿಕೊಳ್ಳುತ್ತದೆ ಎಂಬ ಪ್ರಮಾಣಕ್ಕೆ ಪೆನಿಟ್ರೆನ್ಸ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ಪ್ರಕಟತೆ ಎನ್ನಬಹುದು. ನೂರಕ್ಕೆ ನೂರೂ ಮಂದಿಗೆ ಬಂದರೆ ಪ್ರಕಟತೆ ಪೂರ್ಣ, ಅರವತ್ತು ಮಂದಿಗೆ ಬಂದರೆ ಶೇಕಡಾ 60. ಹೀಗೆ ಕಾಯಿಲೆ ಬಂದವರಲ್ಲಿಯೂ ಒಬ್ಬರಿಗೆ ಸೌಮ್ಯವಾಗಿ, ಇನ್ನೊಬ್ಬರಿಗೆ ತೀವ್ರವಾಗಿ, ಮತ್ತೊಬ್ಬರಿಗೆ ಬೇರೆಯೇ ರೂಪದಲ್ಲಿ ಬರುವುದು ಎರಡನೆಯ ಸಂಗತಿ. ಅದನ್ನು ಅಭಿವ್ಯಕ್ತಿಯ ವೈವಿಧ್ಯ ಎನ್ನಬಹುದು. ಮೊದಲನೆಯದು ಬಂದಿತೋ ಇಲ್ಲವೋ ಎಂಬ ಪ್ರಶ್ನೆ, ಅದಕ್ಕೆ ಉತ್ತರ ತಲೆಗಳ ಎಣಿಕೆಯಿಂದ ಸಿಗುತ್ತದೆ. ಎರಡನೆಯದು ಬಂದವರಲ್ಲಿ ಹೇಗೆ ಬಂದಿತು ಎಂಬ ಪ್ರಶ್ನೆ. ಅದಕ್ಕೆ ಒಬ್ಬೊಬ್ಬ ರೋಗಿಯನ್ನೂ ನೋಡಬೇಕು.

ಎರಡನೆಯದು ಬಿಸಿನೀರಿನ ಅಪಸ್ಮಾರದಲ್ಲಿ ಎದ್ದು ಕಾಣುತ್ತದೆ. ಕೆಲವರಿಗೆ ಸ್ನಾನದ ನಡುವೆ ಕೆಲವು ಕ್ಷಣ ಮಂಕು ಕವಿದು, ಈ ಘಟನೆ ಹಿಂದೆಯೂ ನಡೆದಿತ್ತೆಂಬ ಭ್ರಮೆ ಮೂಡಿ ಮಾಯವಾಗುತ್ತದೆ. ಕೆಲವರು ಇಡೀ ದೇಹ ಸೆಟೆದು ಬೀಳುತ್ತಾರೆ. ಕೆಲವರಿಗೆ ಆ ಹೊತ್ತಿನಲ್ಲಿ ಒಂದು ಬಗೆಯ ಸುಖವೆನಿಸಿ, ಬೇಡವೆಂದರೂ ಕೇಳದೆ ಮತ್ತೆ ಮತ್ತೆ ನೀರು ಸುರಿದುಕೊಳ್ಳುವುದು ವರದಿಯಾಗಿದೆ. ಮತ್ತೆ ಕೆಲವರಿಗೆ ಕಾಲಾನಂತರದಲ್ಲಿ ಸ್ನಾನವಿಲ್ಲದೆಯೂ ತಾನಾಗಿಯೇ ಮೂರ್ಛೆ ಬರಲಾರಂಭಿಸುತ್ತದೆ. ಮಂಕು ಕವಿದಷ್ಟೇ ಆದವರನ್ನು ಮನೆಯವರು ರೋಗಿಯೆಂದು ಎಣಿಸುವುದೇ ಇಲ್ಲ. ಬಚ್ಚಲಲ್ಲಿ ಸ್ವಲ್ಪ ತಲೆ ತಿರುಗಿತು ಎಂದು ಅದು ಮರೆತುಹೋಗುತ್ತದೆ. ಆದುದರಿಂದ ಕಾಯಿಲೆ ಇಲ್ಲದವರು ಎಂದು ಬರೆದುಕೊಂಡವರಲ್ಲಿ ಕೆಲವರು ನಿಜವಾಗಿ ಅತ್ಯಂತ ಸೌಮ್ಯ ರೂಪದ ರೋಗಿಗಳಾಗಿರಬಹುದು. ಹೀಗೆ ಎರಡನೆಯ ಸಂಗತಿ ಮೊದಲನೆಯದರ ಲೆಕ್ಕವನ್ನೂ ಕೆಡಿಸುತ್ತದೆ.

ಪ್ರಕಟತೆ ಪೂರ್ಣವಾಗದಿರಲು ಕಾರಣಗಳೇನು? ಮೊದಲನೆಯ ಕಾರಣ ಈ ಕಾಯಿಲೆಯಲ್ಲಿ ಕಣ್ಣೆದುರಿಗೇ ಇದೆ. ಮಾರ್ಪಾಟು ಕೊಡುವುದು ಮೂರ್ಛೆಯನ್ನಲ್ಲ, ಮೂರ್ಛೆ ಬರುವ ಸಾಧ್ಯತೆಯನ್ನು ಮಾತ್ರ. ಆ ಸಾಧ್ಯತೆಯನ್ನು ಎಬ್ಬಿಸಲು ಬಿಸಿನೀರು ಬೇಕು. ತಣ್ಣೀರಿನಲ್ಲಿ ಮೀಯುವವರು, ಮೈಮೇಲೆ ಮಾತ್ರ ನೀರು ಹಾಕಿಕೊಳ್ಳುವವರು, ಉಗುರುಬೆಚ್ಚಗಿನ ನೀರಿಗೆ ತೃಪ್ತರಾಗುವವರು ಮಾರ್ಪಾಟು ಹೊತ್ತಿದ್ದರೂ ಜೀವಮಾನವೆಲ್ಲ ಸುಖವಾಗಿರಬಹುದು. ಎರಡನೆಯ ಕಾರಣ ಉಳಿದ ವಂಶವಾಹಿಗಳದು. ನರವ್ಯೂಹ ತಾಳುವ ಶಾಖದ ಮಿತಿಯನ್ನು ಒಂದೇ ವಂಶವಾಹಿ ನಿರ್ಧರಿಸುವುದಿಲ್ಲ. ಉಳಿದ ಅನೇಕ ವಂಶವಾಹಿಗಳು ಆ ಮಿತಿಯನ್ನು ಒಬ್ಬರಲ್ಲಿ ಮೇಲಕ್ಕೂ ಮತ್ತೊಬ್ಬರಲ್ಲಿ ಕೆಳಕ್ಕೂ ಎಳೆಯುತ್ತವೆ. ಮೂರನೆಯದು ವಯಸ್ಸು ಮತ್ತು ಲಿಂಗ. ಇದು ಹೆಚ್ಚಾಗಿ ಬಾಲ್ಯದಲ್ಲಿ ಮತ್ತು ಹದಿವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ, ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಐದು ವರ್ಷದ ಮಗು ಇಂದು ಆರೋಗ್ಯವಾಗಿದೆ ಎಂದರೆ ಮುಂದೆಯೂ ಹಾಗೆಯೇ ಉಳಿಯುತ್ತದೆಂದು ಹೇಳಲಾಗದು.

ಇಷ್ಟನ್ನು ಒಂದು ಕಲ್ಪಿತ ಕುಟುಂಬಕ್ಕೆ ಅನ್ವಯಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಜಾವಗಲ್ಲಿನ ಆಸುಪಾಸಿನ ಒಂದು ಹಳ್ಳಿಯ ಅಜ್ಜಿಗೆ ಹುಡುಗಿಯಾಗಿದ್ದಾಗ ಎಣ್ಣೆಸ್ನಾನದ ದಿನ ಮೂರ್ಛೆ ಬರುತ್ತಿತ್ತು. ಗಾಳಿ ಸೋಕಿದೆ ಎಂದು ಹಿರಿಯರು ಹೇಳಿದರು. ಅವಳ ಮಗ ಹತ್ತನೆಯ ವಯಸ್ಸಿಗೇ ಮಠದ ಪ್ರಸಾದನಿಲಯ ಸೇರಿ ತಣ್ಣೀರಿನ ಸ್ನಾನದಲ್ಲಿಯೇ ಬೆಳೆದ. ಮುಂದೆಯೂ ಅದೇ ಅಭ್ಯಾಸ ಉಳಿಸಿಕೊಂಡ. ಅವನಿಗೆ ಒಮ್ಮೆಯೂ ಮೂರ್ಛೆ ಬರಲಿಲ್ಲ. ಅವನ ಒಂಬತ್ತು ವರ್ಷದ ಮಗನಿಗೆ ದೀಪಾವಳಿಯ ದಿನ ಬಚ್ಚಲಲ್ಲಿ ಮೊದಲ ಬಾರಿಗೆ ಮೂರ್ಛೆ ಬಂದಿತು. ಅಜ್ಜಿಯ ಕಥೆ ಮರೆತಿದ್ದ ಮನೆಯವರು ದೋಷ ಸೊಸೆಯ ತವರಿನದೆಂದು ತೀರ್ಮಾನಿಸಿದರು, ಏಕೆಂದರೆ ಮಗ ಗಟ್ಟಿಮುಟ್ಟಾಗಿದ್ದ. ಅಜ್ಜಿಯ ಮಗಳು, ಅಂದರೆ ಹುಡುಗನ ಸೋದರತ್ತೆ, ಬಾಲ್ಯದಿಂದಲೂ ಸುಡುವ ನೀರಿನಲ್ಲಿಯೇ ತಲೆಗೆ ಮಿಂದವಳು. ಅವಳಿಗೂ ಏನೂ ಆಗಿರಲಿಲ್ಲ. ಅವಳಿಗೆ ಈಗ ನಲವತ್ತು ವರ್ಷ.

ಮೊದಲಿಗೆ ತಂದೆಯ ವಿಚಾರ. ಅಜ್ಜಿಗೂ ಮೊಮ್ಮಗನಿಗೂ ಒಂದೇ ಮೂಲದ ಕಾಯಿಲೆ ಎಂಬುದಾದರೆ ಅವನು ಮಾರ್ಪಾಟನ್ನು ಹೊತ್ತಿರಲೇಬೇಕು. ಪರೀಕ್ಷೆಗೆ ರಕ್ತ ಕೊಡದೆಯೇ ವಂಶವೃಕ್ಷವೇ ಇದನ್ನು ಹೇಳುತ್ತದೆ. ಅವನ ಆರೋಗ್ಯ ಅವನು ತಣ್ಣೀರಿನಲ್ಲಿ ಮಿಂದ ಫಲವಿರಬಹುದು. ಮಾರ್ಪಾಟು ಇಲ್ಲವೆಂಬುದಕ್ಕೆ ಅದು ಸಾಕ್ಷಿಯಲ್ಲ. ಹಾಗಾದರೆ ಸೊಸೆಯ ತವರನ್ನು ದೂರುವುದಕ್ಕೆ ಆಧಾರವೇ ಉಳಿಯುವುದಿಲ್ಲ. ಆದರೂ ಒಂದು ಎಚ್ಚರಿಕೆ ಬೇಕು. ಈ ಕಾಯಿಲೆ ನಮ್ಮ ಸೀಮೆಯಲ್ಲಿ ಅಪರೂಪವಲ್ಲ, ವಂಶದ ಹಂಗಿಲ್ಲದೆಯೂ ಅದು ಬರುತ್ತದೆ. ಮೊಮ್ಮಗನದು ಬೇರೊಂದು ಕಾರಣದಿಂದ ಬಂದದ್ದಾಗಿ, ಅಜ್ಜಿಯದರೊಂದಿಗೆ ಕಾಕತಾಳೀಯವಾಗಿ ಸೇರಿಕೊಂಡಿರುವ ಸಾಧ್ಯತೆಯೂ ಉಂಟು. ಇದನ್ನು ಬೇರ್ಪಡಿಸಲು ತಂದೆಯ ಕಡೆಯ ಹಾಗೂ ತಾಯಿಯ ಕಡೆಯ ಎರಡೂ ವಂಶವೃಕ್ಷಗಳನ್ನು ಸಮವಾಗಿ ವಿಚಾರಿಸಬೇಕು.

ಇನ್ನು ಸೋದರತ್ತೆ. ಅವಳೂ ಅಣ್ಣನಂತೆಯೇ ಆರೋಗ್ಯವಂತೆ, ಆದರೆ ಅವಳ ಆರೋಗ್ಯಕ್ಕೆ ಬೇರೆಯೇ ತೂಕವಿದೆ, ಏಕೆಂದರೆ ಅವಳು ಬಿಸಿನೀರಿನ ಪರೀಕ್ಷೆಗೆ ಒಳಗಾಗಿ ದಾಟಿ ಬಂದವಳು. ಇಂತಹ ನೂರು ಮಂದಿ ಸೋದರಿಯರನ್ನು ಕಲ್ಪಿಸಿಕೊಳ್ಳಬಹುದು. ಕಾಯಿಲೆಯ ತಾಯಿಯ ಮಕ್ಕಳಾದ್ದರಿಂದ ಅವರಲ್ಲಿ 50 ಮಂದಿ ಮಾರ್ಪಾಟನ್ನು ಹೊತ್ತಿರುತ್ತಾರೆ, 50 ಮಂದಿ ಹೊತ್ತಿರುವುದಿಲ್ಲ. ಬಿಸಿನೀರಿನಲ್ಲಿ ಮೀಯುವವರ ಪ್ರಕಟತೆ ಶೇಕಡಾ 60 ಎಂದು ಊಹಿಸಿದರೆ, ಹೊತ್ತ 50 ಮಂದಿಯಲ್ಲಿ 30 ಮಂದಿಗೆ ಮೂರ್ಛೆ ಬರುತ್ತದೆ, 20 ಮಂದಿ ಆರೋಗ್ಯವಾಗಿ ಉಳಿಯುತ್ತಾರೆ. ಮಾರ್ಪಾಟಿಲ್ಲದ 50 ಮಂದಿಯೂ ಆರೋಗ್ಯವಂತರೇ. ಒಟ್ಟು ಆರೋಗ್ಯವಂತರು 70 ಮಂದಿ, ಅವರಲ್ಲಿ ಮಾರ್ಪಾಟು ಹೊತ್ತವರು 20 ಮಂದಿ. ಆದುದರಿಂದ ಈ ಸೋದರತ್ತೆ ಮಾರ್ಪಾಟನ್ನು ಹೊತ್ತಿರುವ ಸಂಭವ ಎಪ್ಪತ್ತರಲ್ಲಿ ಇಪ್ಪತ್ತು, ಅಂದರೆ ಸುಮಾರು ಶೇಕಡಾ 29. ಹುಟ್ಟುವಾಗ 50 ಇದ್ದ ಸಂಭವ ನಲವತ್ತು ವರ್ಷಗಳ ಬಿಸಿನೀರು ಕಳೆದ ಮೇಲೆ 29ಕ್ಕೆ ಇಳಿದಿದೆ, ಶೂನ್ಯಕ್ಕೆ ಇಳಿದಿಲ್ಲ.

ಇವರಿಬ್ಬರ ಮಕ್ಕಳ ಲೆಕ್ಕದಲ್ಲಿ ಅಂತರ ಇನ್ನೂ ಸ್ಪಷ್ಟವಾಗುತ್ತದೆ. ತಂದೆ ಮಾರ್ಪಾಟನ್ನು ಹೊತ್ತವನೆಂದು ವಂಶವೃಕ್ಷ ಹೇಳುತ್ತಿರುವುದರಿಂದ, ಅವನಿಗೆ ಹುಟ್ಟುವ ಪ್ರತಿ ಮಗುವಿಗೂ ಅದು ಬರುವ ಸಂಭವ 50. ಬಂದವರಲ್ಲಿ ನೂರಕ್ಕೆ 60 ಮಂದಿಗೆ ಮೂರ್ಛೆಯಾದರೆ, ಆ ಮಗು ಬಿಸಿನೀರಿನಲ್ಲಿಯೇ ಬೆಳೆಯುವುದಾದರೆ ಮೂರ್ಛೆಗೆ ಒಳಗಾಗುವ ಸಂಭವ ಶೇಕಡಾ 30. ಸೋದರತ್ತೆಯ ಮಗುವಿಗಾದರೋ 29ರ ಅರ್ಧದಷ್ಟು, ಅದರಲ್ಲಿಯೂ ಅರವತ್ತು ಭಾಗ. ಅಂದರೆ ಶೇಕಡಾ 9ಕ್ಕೂ ಸ್ವಲ್ಪ ಕಡಿಮೆ. ಒಂದೇ ತಾಯಿಯ ಇಬ್ಬರು ಮಕ್ಕಳು, ಇಬ್ಬರಿಗೂ ಮೂರ್ಛೆಯಿಲ್ಲ. ಆದರೂ ಅವರ ಮಕ್ಕಳ ಅಪಾಯದಲ್ಲಿ ಮೂರು ಪಟ್ಟಿಗಿಂತ ಹೆಚ್ಚಿನ ಅಂತರವಿದೆ. ಹೊರನೋಟದ ಆರೋಗ್ಯವನ್ನು ಮಾತ್ರ ನೋಡಿ ಹೇಳಿದರೆ ಈ ಅಂತರ ಕಣ್ಣಿಗೆ ಬೀಳುವುದೇ ಇಲ್ಲ.

ಮೇಲಿನ ಲೆಕ್ಕದಲ್ಲಿ ಬಳಸಿದ ಶೇಕಡಾ 60 ಎಂಬ ಸಂಖ್ಯೆಯನ್ನು ಅಳೆದು ನಿಗದಿ ಮಾಡಿದ್ದೆಂದು ತಿಳಿಯಬಾರದು. 10ನೆಯ ವರ್ಣತಂತುವಿನ ಕುಟುಂಬದ ಅಧ್ಯಯನದಲ್ಲಿ ಗಣಿತದ ಅನುಕೂಲಕ್ಕಾಗಿ ಇಟ್ಟುಕೊಂಡ ಊಹೆ ಅದು. ಆರೋಗ್ಯವಾಗಿರುವವರಲ್ಲಿ ಯಾರು ಹೊತ್ತವರು ಯಾರು ಅಲ್ಲ ಎಂಬುದು ತಿಳಿಯದ ಕಾರಣ ಸಂಶೋಧಕರು ಇಂತಹ ಊಹೆಯನ್ನು ಇಟ್ಟುಕೊಳ್ಳಲೇಬೇಕಾಗುತ್ತದೆ. ಪ್ರಕಟತೆಯನ್ನು ಅಳೆಯುವಲ್ಲಿ ಇನ್ನೊಂದು ತೊಡಕೂ ಇದೆ. ಸಂಶೋಧಕರ ಗಮನಕ್ಕೆ ಬರುವುದು ಅನೇಕ ರೋಗಿಗಳಿರುವ ಮನೆತನಗಳೇ. ಮಾರ್ಪಾಟು ಇದ್ದೂ ಒಬ್ಬರಿಗೇ ಮೂರ್ಛೆ ಬಂದ ಮನೆ, ಒಬ್ಬರಿಗೂ ಬಾರದ ಮನೆ ಯಾರ ಪಟ್ಟಿಯಲ್ಲೂ ಸೇರುವುದಿಲ್ಲ. ಆದುದರಿಂದ ಆಸ್ಪತ್ರೆಯ ಕುಟುಂಬಗಳಿಂದ ತೆಗೆದ ಪ್ರಕಟತೆ ಊರಿನ ನಿಜವಾದ ಪ್ರಕಟತೆಗಿಂತ ಹೆಚ್ಚಾಗಿರುವುದೇ ಸಹಜ. ಇಂತಹ ಸಂಖ್ಯೆ ಎಲ್ಲಿಂದ ಬಂದದ್ದು ಎಂದು ವಿಚಾರಿಸದೆ ಅದನ್ನು ಒಂದು ಮನೆಗೆ ಅನ್ವಯಿಸುವುದು ಸರಿಯಲ್ಲ.

ಹಾಗಾದರೆ ಇಂದು ರಕ್ತಪರೀಕ್ಷೆಯಿಂದ ಎಲ್ಲ ತಿಳಿಯುವುದಿಲ್ಲವೇ ಎಂದು ಕೇಳಬಹುದು. ಪರೀಕ್ಷೆಗೆ ಅರ್ಥ ಬರುವುದು, ರೋಗಿಯಲ್ಲಿ ಕಾರಣವಾದ ಮಾರ್ಪಾಟು ಮೊದಲು ಖಚಿತವಾಗಿ ಸಿಕ್ಕಿದಾಗ ಮಾತ್ರ. ಬೇರುಗಳು ಬೇರೆ ಬೇರೆಯಾಗಿರುವುದರಿಂದ ಒಂದು ವಂಶವಾಹಿಯನ್ನು ನೋಡಿ ಏನೂ ಇಲ್ಲವೆಂದರೆ ಕಾಯಿಲೆ ಬಾರದೆಂದು ಹೇಳಿದಂತಾಗುವುದಿಲ್ಲ. ಮಾರ್ಪಾಟು ಸಿಕ್ಕಿ, ಅದೇ ಆರೋಗ್ಯವಂತ ಬಂಧುವಿನಲ್ಲಿಯೂ ಕಂಡರೆ, ಅವನಿಗೆ ರೋಗಿಯೆಂಬ ಹೆಸರು ಕಟ್ಟುವುದಕ್ಕೂ ಅದು ಸಾಲದು. ಇದ್ದರೂ ಬಾರದಿರಬಹುದು ಎಂಬುದೇ ಅಪೂರ್ಣ ಪ್ರಕಟತೆಯ ಅರ್ಥ. ಮದುವೆಯ ಮಾತುಕತೆಯಲ್ಲಿ ಹುಡುಗ ಅಥವಾ ಹುಡುಗಿಯನ್ನು ಇಂತಹ ಫಲಿತಾಂಶದ ಮೇಲೆ ತಿರಸ್ಕರಿಸುವುದಕ್ಕೆ ಶಾಸ್ತ್ರದ ಸಮರ್ಥನೆ ಇಲ್ಲ.

ಈ ಕಾಯಿಲೆಯಲ್ಲಿ ಪ್ರಕಟತೆಯ ಒಂದು ಪ್ರಧಾನ ಭಾಗ ಮನೆಯವರ ಕೈಯಲ್ಲಿಯೇ ಇದೆ. ವಂಶವಾಹಿಯನ್ನು ಬದಲಿಸಲಾಗದು, ಹಂಡೆಯ ನೀರನ್ನು ತಣಿಸಬಹುದು. ಮೂರ್ಛೆ ಬಂದವರು ಮತ್ತು ಅಂತಹ ಮನೆತನದ ಮಕ್ಕಳು ಉಗುರುಬೆಚ್ಚಗಿನ ನೀರಿನಲ್ಲಿ, ನೆತ್ತಿಯ ಮೇಲೆ ಒಮ್ಮೆಗೇ ಸುರಿಯದೆ ಸ್ನಾನ ಮಾಡಿದರೆ ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ಸಾಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಔಷಧಿಯನ್ನು ಕೊಡುವ ಕ್ರಮವನ್ನು ವೈದ್ಯರು ಅನುಸರಿಸುತ್ತಾರೆ. ಇದರ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು. ಸ್ನಾನವಿಲ್ಲದೆಯೂ ಮೂರ್ಛೆ ಬರುವವರಿಗೆ ನಿತ್ಯದ ಔಷಧ ಬೇಕಾಗುತ್ತದೆ. ಅದನ್ನು ತಾವಾಗಿ ನಿಲ್ಲಿಸುವುದು ಅಪಾಯಕರ. ಬಚ್ಚಲ ಬಾಗಿಲ ಚಿಲಕ ಹಾಕದಿರುವುದು, ಒಲೆ ಮತ್ತು ತುಂಬಿದ ತೊಟ್ಟಿಯಿಂದ ದೂರ ಕೂರುವುದು, ಮೂರ್ಛೆ ಬಂದಾಗ ಮಗ್ಗುಲಿಗೆ ಮಲಗಿಸಿ ಬಾಯಿಗೆ ಏನನ್ನೂ ತುರುಕದಿರುವುದು ಎಲ್ಲ ಮನೆಗಳಿಗೂ ತಿಳಿದಿರಬೇಕಾದ ಸಂಗತಿಗಳು.

ಪ್ರಸಾದನಿಲಯದಲ್ಲಿ ವರ್ಷಗಟ್ಟಲೆ ಆರೋಗ್ಯವಾಗಿದ್ದ ಹುಡುಗ ಹಬ್ಬಕ್ಕೆ ಊರಿಗೆ ಹೋದಾಗ ಬಚ್ಚಲಲ್ಲಿ ಬಿದ್ದನೆಂಬ ಸುದ್ದಿ ಬಂದರೆ, ಉಪಾಧ್ಯಾಯರು ವಿಚಾರಿಸಬೇಕಾದ ಪ್ರಶ್ನೆಗಳು ಮೂರು: ಆ ದಿನ ನೀರಿನ ಶಾಖ ಎಷ್ಟಿತ್ತು, ಇಲ್ಲಿ ಅವನು ಮೀಯುವ ನೀರು ಹೇಗಿದೆ, ತಂದೆತಾಯಿಗಳ ಎರಡೂ ಕಡೆಯ ಹಿರಿಯರಲ್ಲಿ ಬಚ್ಚಲಲ್ಲಿ ಯಾರಿಗಾದರೂ ಮಂಕು ಕವಿದದ್ದುಂಟೆ. ವಂಶವೃಕ್ಷ ಬರೆಯುವಾಗ ಒಬ್ಬೊಬ್ಬರ ಹೆಸರಿನ ಮುಂದೆ ಮೂರ್ಛೆ ಉಂಟು, ಇಲ್ಲ ಎಂದಷ್ಟೇ ಗುರುತಿಸದೆ, ಅವರು ಮಿಂದ ನೀರು ಬಿಸಿಯೋ ತಣ್ಣನೆಯದೋ ಎಂಬುದನ್ನೂ ಬರೆದಿಡಬೇಕು. ಆ ಒಂದು ಕಾಲಂ ಇಲ್ಲದ ಪಟ್ಟಿಯಲ್ಲಿ ಮಾರ್ಪಾಟಿಲ್ಲದವರೂ, ಮಾರ್ಪಾಟನ್ನು ಹೊತ್ತೂ ಬಿಸಿನೀರು ಕಾಣದವರೂ ಒಂದೇ ಸಾಲಿನಲ್ಲಿ ಬೆರೆತುಹೋಗುತ್ತಾರೆ, ಮತ್ತು ದೋಷ ಸೊಸೆಯ ತವರಿನ ಪಾಲಾಗುತ್ತದೆ.